ಕ್ರಮ ಸರಿ, ಕಾರಣಕ್ಕೆ ಮಾರ್ಕ್ಸ್ ಇಲ್ಲ: 1919-1922ರ ವರ್ಕ್‌ಶೀಟ್ ಬಗ್ಗೆ ಸ್ವಲ್ಪ ಹೇಳಿ

ವಾಣಿ

ಮಗಳು ಹತ್ತನೇ ಕ್ಲಾಸು. ಇತಿಹಾಸದಲ್ಲಿ ಒಂದು ವರ್ಕ್‌ಶೀಟ್ ಕೊಟ್ಟಿದ್ದರು. ಎಂಟು ಘಟನೆಗಳನ್ನು ಕಲಸಿ ಕೊಟ್ಟಿದ್ದಾರೆ. ಅವನ್ನು ಕಾಲಾನುಕ್ರಮದಲ್ಲಿ ಬರೆದು, ಒಂದರಿಂದ ಇನ್ನೊಂದಕ್ಕೆ ಬಾಣ ಹಾಕಿ, ಬಾಣದ ಪಕ್ಕ ಒಂದೇ ಸಾಲಿನಲ್ಲಿ ಕಾರಣ ಬರೆಯಬೇಕು. ಅವಳು ಬರೆದ ಕ್ರಮ ಇದು:

ರೌಲತ್ ಕಾಯ್ದೆ → ಜಲಿಯನ್‌ವಾಲಾ ಬಾಗ್ → 1919ರ ಭಾರತ ಸರ್ಕಾರ ಕಾಯ್ದೆ → ಸೆವ್ರೆ ಒಪ್ಪಂದ → ಅಸಹಕಾರ ಚಳವಳಿ ಆರಂಭ → ಚೌರಿ ಚೌರಾ → ಚಳವಳಿ ನಿಲ್ಲಿಸಿದ್ದು → ಗಾಂಧೀಜಿ ಬಂಧನ

ಟೀಚರ್ ನಾಲ್ಕನೆಯದನ್ನೂ ಐದನೆಯದನ್ನೂ ಅದಲು ಬದಲು ಮಾಡಿ ಕೆಂಪು ಗೀಟು ಹಾಕಿದ್ದಾರೆ. ಅದು ಹೋಗಲಿ. ಕಾರಣಗಳಿಗೆ ಹೆಚ್ಚುಕಡಿಮೆ ಏನೂ ಕೊಟ್ಟಿಲ್ಲ. ಅವಳು ಬರೆದದ್ದು ಹೀಗಿದೆ: "ರೌಲತ್ ಕಾಯ್ದೆ ಬಂದ ನಂತರ ಜಲಿಯನ್‌ವಾಲಾ ಬಾಗ್ ದುರಂತ ನಡೆಯಿತು." "ಜಲಿಯನ್‌ವಾಲಾ ಬಾಗ್‌ನಿಂದ ಜನ ಸಿಟ್ಟಾದ್ದರಿಂದ ಬ್ರಿಟಿಷರು ಸುಧಾರಣೆ ಕೊಟ್ಟರು." "ಚೌರಿ ಚೌರಾ ಹಿಂಸೆಯಿಂದಾಗಿ ಗಾಂಧೀಜಿಯನ್ನು ಬಂಧಿಸಿದರು." ನನಗೆ ಓದಿದರೆ ಸರಿಯಾಗೇ ಕಾಣುತ್ತದೆ. ತಪ್ಪು ಎಲ್ಲಿದೆ?

ಕಿರಣ್_ಕೆ

ಇದಕ್ಕೆ ಸುಲಭ ಉಪಾಯ ಇದೆ. ಇಸವಿ ಬಾಯಿಪಾಠ ಮಾಡಿಸಬೇಡಿ. ಕಾರಣ ಯಾವಾಗಲೂ ಮೊದಲು ಬರುತ್ತದೆ, ಪರಿಣಾಮ ಆಮೇಲೆ. ಯಾವುದು ಯಾವುದಕ್ಕೆ ಕಾರಣ ಅಂತ ಗೊತ್ತಾದರೆ ಕ್ರಮ ತಾನಾಗಿಯೇ ಬರುತ್ತದೆ. ರೌಲತ್ ಕಾಯ್ದೆ, ಜಲಿಯನ್‌ವಾಲಾ ಬಾಗ್ ಎರಡೂ 1919. ಇಸವಿ ನೋಡಿದರೆ ಯಾವುದು ಮೊದಲು ಅಂತ ಗೊತ್ತಾಗಲ್ಲ. ಕಾರಣ ಗೊತ್ತಿದ್ದರೆ ಗೊತ್ತಾಗುತ್ತದೆ. ಹಾಗೆ ನೋಡಿದರೆ ನಿಮ್ಮ ಮಗಳು ಸೆವ್ರೆ ಒಪ್ಪಂದವನ್ನು ಮೊದಲು ಹಾಕಿದ್ದೇ ಸರಿ. ಮುಸ್ಲಿಮರು ಖಲೀಫ ಅಂತ ಗೌರವಿಸುತ್ತಿದ್ದ ತುರ್ಕಿಯ ಸುಲ್ತಾನನಿಗೆ ಆದ ಅನ್ಯಾಯಕ್ಕೇ ಅಲ್ವಾ ಖಿಲಾಫತ್‌ನವರು ಅಸಹಕಾರಕ್ಕೆ ಇಳಿದದ್ದು? ಟೀಚರ್ ತಪ್ಪು ತಿದ್ದಿದ್ದಾರೆ.

ಹಳೇಮೇಷ್ಟ್ರು

ಕಿರಣ್ ಅವರೇ, ನಿಮ್ಮ ಉಪಾಯ ಮೊದಲ ಜೋಡಿಗೆ ಸರಿಹೋಗುತ್ತದೆ, ಇಲ್ಲಿಗೆ ಬಂದಾಗ ಕೈಕೊಡುತ್ತದೆ. ಸೆವ್ರೆ ಒಪ್ಪಂದಕ್ಕೆ ಸಹಿ ಬಿದ್ದದ್ದು 1920ರ ಆಗಸ್ಟ್ 10. ಗಾಂಧೀಜಿ ಅಸಹಕಾರ ಶುರು ಮಾಡಿದ್ದು ಆಗಸ್ಟ್ 1. ತಿಲಕರು ತೀರಿಕೊಂಡ ದಿನವೂ ಅದೇ. ಸಹಿ ಒಂಬತ್ತು ದಿನ ಆಮೇಲೆ ಬಿತ್ತು.

ಹಾಗಾದರೆ ಒಪ್ಪಂದ ಕಾರಣವಲ್ಲವೇ? ಕಾರಣವೇ. ಆದರೆ ಜನರನ್ನು ಕೆರಳಿಸಿದ್ದು ಸಹಿ ಅಲ್ಲ, ಷರತ್ತುಗಳು. ತುರ್ಕಿಯ ಮೇಲೆ ಹೇರಲಿರುವ ಷರತ್ತುಗಳು ಆ ವರ್ಷ ಮೇ ತಿಂಗಳಲ್ಲೇ ಬಹಿರಂಗವಾಗಿದ್ದವು. ಜೂನ್‌ನಲ್ಲಿ ಅಲಹಾಬಾದಿನಲ್ಲಿ ಖಿಲಾಫತ್ ನಾಯಕರು ಸೇರಿ ಅಸಹಕಾರದ ದಾರಿ ಹಿಡಿಯಲು ತೀರ್ಮಾನಿಸಿದರು. ಆಗಸ್ಟ್ 1ಕ್ಕೆ ಶುರುವಾಯಿತು. ಅಂದರೆ ಒಪ್ಪಂದದ ಸುದ್ದಿ ಮೊದಲು, ಚಳವಳಿ ಆಮೇಲೆ, ಸಹಿ ಅದಕ್ಕೂ ಆಮೇಲೆ.

ವರ್ಕ್‌ಶೀಟ್‌ನಲ್ಲಿ "ಸೆವ್ರೆ ಒಪ್ಪಂದ" ಎಂದಷ್ಟೇ ಇದ್ದರೆ ಸಹಿಯ ದಿನವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಕಾರಣ ಬರೆಯುವಾಗ "ಮೇ ತಿಂಗಳಲ್ಲಿ ಷರತ್ತುಗಳು ತಿಳಿದದ್ದರಿಂದ" ಎಂದು ಬರೆದರೆ ಯಾರೂ ಗೀಟು ಹಾಕಲಾರರು.

ಬಸು

ನನ್ನ ಮಗನಿಗೂ ಇಂಥದ್ದೇ ಕೊಟ್ಟಿದ್ದಾರೆ. ಆರನೇ ಕ್ಲಾಸು. ಅಲೆಕ್ಸಾಂಡರ್ ದಾಳಿ 326, ಚಂದ್ರಗುಪ್ತ ಮೌರ್ಯ ಪಟ್ಟಕ್ಕೆ ಬಂದದ್ದು ಸುಮಾರು 321, ಕಳಿಂಗ ಯುದ್ಧ 261. ಅವನು 261, 321, 326 ಅಂತ ಏರಿಕೆ ಕ್ರಮದಲ್ಲಿ ಬರೆದಿದ್ದಾನೆ. ಗಣಿತದಲ್ಲಿ ಸರಿ, ಇಲ್ಲಿ ತಪ್ಪು ಅಂದರೆ ಮಗು ಏನು ಮಾಡಬೇಕು?

ಹಳೇಮೇಷ್ಟ್ರು

ಬಸು ಅವರೇ, ಕ್ರಿ.ಪೂ. ಇಸವಿಗಳಲ್ಲಿ ದೊಡ್ಡ ಸಂಖ್ಯೆ ಹಳೆಯದು. ಸೊನ್ನೆಯಿಂದ ಎಡಕ್ಕೆ ಹೋದಂತೆ ಹಿಂದಕ್ಕೆ ಹೋಗುತ್ತೇವೆ. ಆದ್ದರಿಂದ 326, 321, 261. ಋಣಸಂಖ್ಯೆ ಕಲಿತಿದ್ದರೆ ಹುಡುಗನಿಗೆ ಗಣಿತವೇ ಸಹಾಯಕ್ಕೆ ಬರುತ್ತದೆ.

ಕಾರಣ ಬರೆಯಬೇಕಿದ್ದರೆ ಇಷ್ಟು ಸಾಕು. ಅಲೆಕ್ಸಾಂಡರ್ ವಾಪಸಾಗಿ ಸತ್ತ ಮೇಲೆ ವಾಯವ್ಯದಲ್ಲಿ ಗ್ರೀಕರ ಹಿಡಿತ ಸಡಿಲವಾಯಿತು, ಅದು ಚಂದ್ರಗುಪ್ತನಿಗೆ ಅನುಕೂಲವಾಯಿತು. ಕಳಿಂಗ ಯುದ್ಧಕ್ಕೆ ಇಸವಿಯೇ ಬೇಕಿಲ್ಲ. ಪಟ್ಟಾಭಿಷೇಕವಾಗಿ ಎಂಟು ವರ್ಷಕ್ಕೆ ಯುದ್ಧವಾಯಿತು ಎಂದು ಅಶೋಕನೇ ತನ್ನ 13ನೇ ಬಂಡೆಗಲ್ಲು ಶಾಸನದಲ್ಲಿ ಬರೆಸಿದ್ದಾನೆ. ಯುದ್ಧದಿಂದ ಪಶ್ಚಾತ್ತಾಪವಾಯಿತು ಎಂಬ ಕಾರಣವೂ ಅಲ್ಲೇ ಇದೆ. ಕ್ರಮ, ಕಾರಣ ಎರಡೂ ಒಂದೇ ಕಲ್ಲಿನಲ್ಲಿ ಸಿಗುವುದು ಅಪರೂಪ.

ನಾಗವೇಣಿ

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ, ಇಂಥ ವರ್ಕ್‌ಶೀಟ್ ಮಾಡುತ್ತೇನೆ, ತಿದ್ದುತ್ತೇನೆ. ವಾಣಿ ಅವರೇ, ಮಗಳ ಮೊದಲ ಕಾರಣವನ್ನೇ ನೋಡಿ. "ರೌಲತ್ ಕಾಯ್ದೆ ಬಂದ ನಂತರ ಜಲಿಯನ್‌ವಾಲಾ ಬಾಗ್ ದುರಂತ ನಡೆಯಿತು." ಬಾಣ ಹೇಳುವುದನ್ನೇ ಈ ಸಾಲೂ ಹೇಳುತ್ತಿದೆ. "ನಂತರ" ಅಂತ ಬಾಣದಲ್ಲೇ ಇದೆಯಲ್ಲ. ಒಂದು ಕಾಯ್ದೆಯಿಂದ ಒಂದು ಮೈದಾನದಲ್ಲಿ ಗುಂಡು ಹಾರುವುದು ಹೇಗೆ? ನಡುವೆ ಏನೋ ಆಗಿರಬೇಕು. ಆ "ಏನೋ" ಬರೆದರೆ ಮಾರ್ಕ್ಸ್.

ನಾನು ಮಕ್ಕಳಿಗೆ ಹೇಳುವುದು ಇಷ್ಟೇ. "ಆದ್ದರಿಂದ" ಅಂತ ಬರೆದರೆ ಅದರ ಹಿಂದೆ ಯಾರು ಏನು ಮಾಡಿದರು ಅಂತ ಇರಬೇಕು. ಒಬ್ಬ ಮನುಷ್ಯ, ಒಂದು ಕೆಲಸ. ಅದಿಲ್ಲದಿದ್ದರೆ ಸಾಲು ಖಾಲಿ.

ವಾಣಿ

ಮೇಡಂ, ಆ ನಡುವಿನದ್ದು ಏನು? ಪಾಠದಲ್ಲಿ "ಇದನ್ನು ವಿರೋಧಿಸಿ ಜನ ಸೇರಿದ್ದರು" ಅಂತಷ್ಟೇ ಇದೆ.

ಹಳೇಮೇಷ್ಟ್ರು

ನಾನು ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಕಾಯ್ದೆ ಪಾಸಾದದ್ದು 1919ರ ಮಾರ್ಚ್‌ನಲ್ಲಿ. ವಿಚಾರಣೆ ಇಲ್ಲದೆ ಎರಡು ವರ್ಷದವರೆಗೆ ಜೈಲಿನಲ್ಲಿ ಇಡಬಹುದು ಎಂಬುದು ಅದರ ಮುಖ್ಯ ಕುತ್ತು. ಅದನ್ನು ವಿರೋಧಿಸಿ ಗಾಂಧೀಜಿ ಹರತಾಳಕ್ಕೆ ಕರೆ ಕೊಟ್ಟರು. ಏಪ್ರಿಲ್ 6ಕ್ಕೆ ದೇಶದ ಹಲವು ಕಡೆ ಅಂಗಡಿ ಮುಚ್ಚಿದವು. ಅಮೃತಸರದಲ್ಲಿ ಇದಕ್ಕೆ ಮುಂದಾಳುಗಳು ಇಬ್ಬರು, ಡಾ. ಸತ್ಯಪಾಲ್ ಮತ್ತು ಡಾ. ಸೈಫುದ್ದೀನ್ ಕಿಚಲೂ. ಏಪ್ರಿಲ್ 10ರಂದು ಇಬ್ಬರನ್ನೂ ಹಿಡಿದು ಊರಿಂದ ಹೊರಗೆ ಸಾಗಿಸಿದರು. ಅವರನ್ನು ಬಿಡಿ ಎಂದು ಕೇಳಲು ಹೊರಟ ಗುಂಪಿನ ಮೇಲೆ ಗುಂಡು ಹಾರಿತು. ಗುಂಪು ತಿರುಗಿಬಿತ್ತು, ಬ್ಯಾಂಕುಗಳಿಗೆ ಬೆಂಕಿ ಬಿತ್ತು, ಕೆಲವು ಯುರೋಪಿಯನ್ನರು ಸತ್ತರು. ಊರು ಸೇನೆಯ ಕೈಗೆ ಹೋಯಿತು, ಸೇನಾಧಿಕಾರಿ ಡಯರ್ ಬಂದ. ಏಪ್ರಿಲ್ 13ರಂದು ಸಭೆ ಸೇರುವಂತಿಲ್ಲ ಎಂದು ಸಾರಿದ. ಅವತ್ತು ಬೈಸಾಖಿ ಹಬ್ಬ. ಸಾರಿದ್ದು ಎಲ್ಲರಿಗೂ ಮುಟ್ಟಿರಲಿಲ್ಲ. ಸಂಜೆ ಬಾಗ್‌ನಲ್ಲಿ ಜನ ಸೇರಿದ್ದರು.

ಈಗ ಒಂದೇ ಸಾಲಿಗೆ ಇಳಿಸಿ: "ಕಾಯ್ದೆ ವಿರೋಧಿ ಹರತಾಳ ನಡೆಸಿದ ಸತ್ಯಪಾಲ್, ಕಿಚಲೂ ಅವರನ್ನು ಬಂಧಿಸಿದ್ದರಿಂದ ಅಮೃತಸರದಲ್ಲಿ ಗಲಭೆಯಾಯಿತು, ಸೇನೆ ಸಭೆ ನಿಷೇಧಿಸಿತು, ನಿಷೇಧದ ನಡುವೆ ಸೇರಿದ ಜನರ ಮೇಲೆ ಡಯರ್ ಗುಂಡು ಹಾರಿಸಿದ." ಇಷ್ಟೇ.

ಇಲ್ಲಿ ಮಕ್ಕಳು ಜಾಸ್ತಿ ಎಡವುವ ಜಾಗ ಒಂದಿದೆ. "ಅವರನ್ನು ರೌಲತ್ ಕಾಯ್ದೆಯಡಿ ಬಂಧಿಸಿದರು" ಎಂದು ಬರೆಯುತ್ತಾರೆ. ಹಾಗಲ್ಲ. ಯುದ್ಧಕಾಲದ ಭಾರತ ರಕ್ಷಣಾ ಕಾಯ್ದೆ ಇನ್ನೂ ಕೈಯಲ್ಲಿತ್ತು, ಅದನ್ನೇ ಬಳಸಿದರು. ರೌಲತ್ ಕಾಯ್ದೆ ಇಲ್ಲಿ ಕಾರಣವಾದದ್ದು ಅದನ್ನು ಪ್ರಯೋಗಿಸಿದ್ದರಿಂದ ಅಲ್ಲ, ಅದರ ವಿರುದ್ಧ ಎದ್ದ ಚಳವಳಿಯಿಂದ.

ಹತ್ತನೇಕ್ಲಾಸು

ಸರ್ ನಮಗೆ ಬಾಣದ ಪಕ್ಕ ಎರಡು ಇಂಚು ಜಾಗ ಕೊಡ್ತಾರೆ. ಇಷ್ಟೆಲ್ಲ ಬರೆಯೋಕೆ ಆಗಲ್ಲ.

ನಾಗವೇಣಿ

"ಸತ್ಯಪಾಲ್-ಕಿಚಲೂ ಬಂಧನ → ಗಲಭೆ → ಸಭೆ ನಿಷೇಧ." ಎರಡು ಇಂಚಿನಲ್ಲಿ ಹಿಡಿಯುತ್ತದೆ. ನನಗೆ ಇಷ್ಟು ಕಂಡರೆ ಪೂರ್ತಿ ಮಾರ್ಕ್ಸ್. ಒಂದೇ ಹೆಸರು ಬರೆಯಲು ಜಾಗ ಇದ್ದರೆ ಬಂಧನ ಬರೆಯಿರಿ, ಉಳಿದದ್ದು ಅದರಿಂದಲೇ ಬಂದದ್ದು.

ಕಿರಣ್_ಕೆ

ಸರಿ, ಸೆವ್ರೆ ವಿಷಯ ಒಪ್ಪಿದೆ. ಆದರೆ "ಜನ ಸಿಟ್ಟಾದ್ದರಿಂದ ಬ್ರಿಟಿಷರು ಸುಧಾರಣೆ ಕೊಟ್ಟರು" ಅನ್ನುವುದರಲ್ಲಿ ಏನು ತಪ್ಪು? ಜಲಿಯನ್‌ವಾಲಾ ಬಾಗ್ ಏಪ್ರಿಲ್, ಕಾಯ್ದೆ ಅದೇ ವರ್ಷ ಡಿಸೆಂಬರ್. ಸಮಾಧಾನ ಮಾಡಲು ಕೊಟ್ಟಿದ್ದಾರೆ. ಕ್ರಮವೂ ಸರಿ, ಕಾರಣವೂ ಹೊಂದುತ್ತದೆ.

ಹಳೇಮೇಷ್ಟ್ರು

ಹೊಂದುತ್ತದೆ, ಆದರೆ ನಿಜವಲ್ಲ. ಆ ಕಾಯ್ದೆಯ ಕೆಲಸ ಯಾವಾಗ ಶುರುವಾಯಿತು ನೋಡಿ. ಜವಾಬ್ದಾರಿ ಸರ್ಕಾರದ ಕಡೆಗೆ ಹೋಗುತ್ತೇವೆ ಎಂದು ಬ್ರಿಟಿಷ್ ಸರ್ಕಾರದ ಭಾರತ ಮಂತ್ರಿ ಮಾಂಟೆಗು ಘೋಷಿಸಿದ್ದು 1917ರ ಆಗಸ್ಟ್. ಮಾಂಟೆಗು-ಚೆಮ್ಸ್‌ಫರ್ಡ್ ವರದಿ ಹೊರಬಂದದ್ದು 1918. ಅಮೃತಸರದಲ್ಲಿ ಗುಂಡು ಹಾರುವ ಹೊತ್ತಿಗೆ ಈ ಸುಧಾರಣೆಯ ರೂಪರೇಖೆ ಎಲ್ಲರ ಕೈಯಲ್ಲಿತ್ತು. ಮಸೂದೆ ಲಂಡನ್‌ನ ಸಂಸತ್ತಿನ ದಾರಿಯಲ್ಲಿ ನಡೆದು ಡಿಸೆಂಬರ್‌ನಲ್ಲಿ ಕಾಯ್ದೆಯಾಯಿತು. ಜಲಿಯನ್‌ವಾಲಾ ಬಾಗ್ ನಡೆಯದಿದ್ದರೂ ಆ ಕಾಯ್ದೆ ಬರುತ್ತಿತ್ತು.

ನಾನು ನೋಡುವ ಪರೀಕ್ಷೆ ಇದು: ಮುಂದಿನ ಘಟನೆಯ ತಯಾರಿ ಹಿಂದಿನ ಘಟನೆಗಿಂತ ಮೊದಲೇ ಶುರುವಾಗಿದ್ದರೆ, ಹಿಂದಿನದು ಅದಕ್ಕೆ ಕಾರಣ ಅಂತ ಬರೆಯಬೇಡಿ. ಹೆಚ್ಚೆಂದರೆ ಅದರ ಮೇಲೆ ಜನರ ಮನಸ್ಸು ಕೆಡಿಸಿತು ಅಂತ ಬರೆಯಬಹುದು.

ವಾಣಿ

ಹಾಗಾದರೆ ಎರಡರ ನಡುವೆ ಬಾಣಕ್ಕೆ ಏನು ಬರೆಯುವುದು? ಬಾಣ ಇದೆಯಲ್ಲ, ಖಾಲಿ ಬಿಡುವ ಹಾಗಿಲ್ಲ.

ನಾಗವೇಣಿ

ಇದು ವರ್ಕ್‌ಶೀಟ್ ಮಾಡಿದವರ ತೊಂದರೆ, ಮಗಳದ್ದಲ್ಲ. ಎಂಟು ಘಟನೆ ಸಾಲಾಗಿ ಇಟ್ಟು ಪ್ರತಿ ಪಕ್ಕದ ಜೋಡಿಗೂ ಕಾರಣ ಕೇಳಿದರೆ, ಮಕ್ಕಳು ಇಲ್ಲದ ಕಾರಣ ಹುಟ್ಟಿಸುತ್ತಾರೆ. ಒಂದೇ ಹಗ್ಗದಲ್ಲಿ ಎರಡು ಎಳೆ ಇವೆ. ಒಂದು ಸುಧಾರಣೆಯ ಎಳೆ, 1917ರಿಂದ ಬರುತ್ತದೆ. ಇನ್ನೊಂದು ದಮನ ಮತ್ತು ಪ್ರತಿಭಟನೆಯ ಎಳೆ. ನಾನು ಇಂಥ ಕಡೆ ಮಕ್ಕಳಿಗೆ ಬಾಣದ ಮೇಲೆ "ನೇರ ಕಾರಣವಿಲ್ಲ, 1917ರ ಘೋಷಣೆಯಿಂದ ಬಂದದ್ದು" ಅಂತ ಬರೆಯಲು ಹೇಳುತ್ತೇನೆ. ಕೆಲವು ಟೀಚರ್‌ಗಳು ಇದನ್ನು ಉತ್ತರ ಅಂತ ಒಪ್ಪುವುದಿಲ್ಲ. ನಿಮ್ಮ ಟೀಚರ್ ಹೇಗೋ ಕೇಳಿ ನೋಡಿ.

ಹತ್ತನೇಕ್ಲಾಸು

"ನೇರ ಕಾರಣವಿಲ್ಲ" ಅಂತ ಬರೆದರೆ ಗೊತ್ತಿಲ್ಲ ಅಂತ ತಿಳ್ಕೊಳ್ತಾರೆ ಮೇಡಂ.

ನಾಗವೇಣಿ

ಅದಕ್ಕೇ ಪಕ್ಕದಲ್ಲಿ 1917 ಬರೆಯಬೇಕು. ಎಲ್ಲಿಂದ ಬಂತು ಅಂತ ಹೇಳಿದವನಿಗೆ ಗೊತ್ತಿಲ್ಲ ಅಂತ ಯಾರೂ ಅಂದುಕೊಳ್ಳುವುದಿಲ್ಲ.

ವಾಣಿ

ಇನ್ನೊಂದು ಕೇಳಬೇಕು. ಜಲಿಯನ್‌ವಾಲಾ ಬಾಗ್ ಆಗಿದ್ದು 1919 ಏಪ್ರಿಲ್. ಅಸಹಕಾರ 1920 ಆಗಸ್ಟ್. "ಜಲಿಯನ್‌ವಾಲಾ ಬಾಗ್ ಸಿಟ್ಟಿನಿಂದ ಅಸಹಕಾರ" ಅಂತ ಎಲ್ಲ ಗೈಡಿನಲ್ಲೂ ಇದೆ. ಹದಿನಾರು ತಿಂಗಳು ಸುಮ್ನೆ ಇದ್ದು ಆಮೇಲೆ ಸಿಟ್ಟು ಬಂತೇ?

ಹಳೇಮೇಷ್ಟ್ರು

ಈ ಪ್ರಶ್ನೆ ಕೇಳಿದ್ದಕ್ಕೆ ಮಗಳಿಗಲ್ಲ, ನಿಮಗೇ ಮಾರ್ಕ್ಸ್ ಕೊಡಬೇಕು. ಇಷ್ಟು ದೊಡ್ಡ ಅಂತರ ಕಂಡಾಗ ನಡುವೆ ಏನಾಯಿತು ಎಂದು ಹುಡುಕಲೇಬೇಕು.

1919ರ ಕೊನೆಯವರೆಗೂ ಗಾಂಧೀಜಿ ಸುಧಾರಣೆಗಳನ್ನು ಬಳಸಿ ನೋಡೋಣ ಎನ್ನುವ ಕಡೆಗೇ ಇದ್ದರು. ಆ ಡಿಸೆಂಬರ್‌ನಲ್ಲಿ ಕಾಂಗ್ರೆಸ್ ಅಧಿವೇಶನ ನಡೆದದ್ದು ಅಮೃತಸರದಲ್ಲೇ, ಅಲ್ಲೂ ಅವರು ಹಾಗೇ ವಾದಿಸಿದರು. ಪಂಜಾಬಿನ ಘಟನೆಗಳ ಬಗ್ಗೆ ಸರ್ಕಾರ ನೇಮಿಸಿದ ಹಂಟರ್ ಸಮಿತಿಯ ವರದಿ 1920ರ ಮೇ ತಿಂಗಳಲ್ಲಿ ಹೊರಬಿತ್ತು. ಅದರಲ್ಲಿ ಡಯರ್‌ನ ಮೇಲೆ ಟೀಕೆ ಇತ್ತು, ಶಿಕ್ಷೆ ಇರಲಿಲ್ಲ. ಜುಲೈನಲ್ಲಿ ಬ್ರಿಟನ್ನಿನ ಮೇಲ್ಮನೆಯಲ್ಲಿ ಡಯರ್ ಪರವಾಗಿ ಬಹುಮತ ಬಿತ್ತು. ಜನರ ನಂಬಿಕೆ ಮುರಿದದ್ದು ಆಗ. ತುರ್ಕಿಯ ಷರತ್ತುಗಳು ತಿಳಿದದ್ದೂ ಅದೇ ಮೇ. ಎರಡೂ ಅಸಮಾಧಾನ ಒಂದೇ ಬೇಸಿಗೆಯಲ್ಲಿ ಕೂಡಿದವು.

ಹಾಗಾಗಿ ಸಾಲು ಹೀಗಿರಲಿ: "ಡಯರ್‌ಗೆ ಶಿಕ್ಷೆಯಾಗಲಿಲ್ಲ ಮತ್ತು ತುರ್ಕಿಯ ಷರತ್ತುಗಳು ಹೊರಬಂದವು (1920 ಮೇ), ಆದ್ದರಿಂದ ಪಂಜಾಬ್ ಮತ್ತು ಖಿಲಾಫತ್ ಎರಡೂ ಸೇರಿ ಅಸಹಕಾರ." ಗುಂಡು ಹಾರಿದ್ದಕ್ಕಿಂತ, ನ್ಯಾಯ ಸಿಗಲಿಲ್ಲ ಎಂಬುದು ಇಲ್ಲಿ ಹತ್ತಿರದ ಕಾರಣ.

ಕಿರಣ್_ಕೆ

ಒಂದು ತಕರಾರು. ಅಸಹಕಾರ ಆಗಸ್ಟ್ 1ಕ್ಕೆ ಶುರುವಾಯಿತು ಅಂತ ಎಲ್ಲರೂ ಒಪ್ಪುತ್ತಾರಾ? ಕಾಂಗ್ರೆಸ್ ನಿರ್ಣಯ ಮಾಡಿದ್ದು ಸೆಪ್ಟೆಂಬರ್‌ನ ಕಲ್ಕತ್ತಾ ವಿಶೇಷ ಅಧಿವೇಶನದಲ್ಲಿ. ಪಕ್ಕಾ ಆದದ್ದು ಡಿಸೆಂಬರ್‌ನಲ್ಲಿ ನಾಗಪುರದಲ್ಲಿ. ಕಾಂಗ್ರೆಸ್ ಲೆಕ್ಕ ಹಿಡಿದರೆ ಸೆವ್ರೆ ಸಹಿ ಮೊದಲು, ಅಸಹಕಾರ ಆಮೇಲೆ. ಅಂದರೆ ಹುಡುಗಿ ಬರೆದ ಕ್ರಮ ಸರಿ!

ನಾಗವೇಣಿ

ಇದು ನ್ಯಾಯವಾದ ಮಾತು. "ಆರಂಭ" ಅಂತ ಬರೆದಿದ್ದರಿಂದ ಆಗಸ್ಟ್ 1 ಅಂತ ಟೀಚರ್ ಇಟ್ಟುಕೊಂಡಿದ್ದಾರೆ. ಅದರಲ್ಲಿ ತಪ್ಪಿಲ್ಲ. ಆದರೆ ಹುಡುಗಿ ಪಕ್ಕದಲ್ಲಿ "ಕಲ್ಕತ್ತಾ ನಿರ್ಣಯ, ಸೆಪ್ಟೆಂಬರ್ 1920" ಅಂತ ಬರೆದಿದ್ದರೆ ನಾನಾಗಿದ್ದರೆ ಕೊಡುತ್ತಿದ್ದೆ.

ಹಳೇಮೇಷ್ಟ್ರು

ನಾನು ಕೊಡುತ್ತಿರಲಿಲ್ಲ. ಆರಂಭ ಆರಂಭವೇ. ಆಗಸ್ಟ್‌ನಲ್ಲೇ ಗಾಂಧೀಜಿ ತಮ್ಮ ಪದಕಗಳನ್ನು ವೈಸರಾಯ್‌ಗೆ ವಾಪಸ್ ಕಳಿಸಿದ್ದರು. ಕಾಂಗ್ರೆಸ್ ಆಮೇಲೆ ಬಂದು ಸೇರಿಕೊಂಡಿತು.

ಕಿರಣ್_ಕೆ

ಮೇಷ್ಟ್ರೇ, ದೇಶದ ಚಳವಳಿ ಆದದ್ದು ಕಾಂಗ್ರೆಸ್ ಸೇರಿದ ಮೇಲೆ ತಾನೇ?

ಹಳೇಮೇಷ್ಟ್ರು

ದೊಡ್ಡದಾದದ್ದು ಆಮೇಲೆ. ಶುರುವಾದದ್ದು ಅಲ್ಲ. ಇದನ್ನು ಇಲ್ಲಿಗೇ ಬಿಡೋಣ, ಇಬ್ಬರೂ ಒಪ್ಪುವ ಹಾಗಿಲ್ಲ.

ಬಸು

ಕೊನೆಯ ಭಾಗ ಯಾರೂ ಹೇಳಲಿಲ್ಲ. ಚೌರಿ ಚೌರಾದಲ್ಲಿ ಹಿಂಸೆ ಆಯಿತು, ಅದಕ್ಕೆ ಗಾಂಧೀಜಿಯನ್ನು ಹಿಡಿದರು. ಇದರಲ್ಲಿ ಏನೂ ತೊಡಕಿಲ್ಲ ಅಲ್ವಾ? ನಾನು ಓದುವಾಗಲೂ ಹೀಗೇ ಬರೆದು ಮಾರ್ಕ್ಸ್ ತಗೊಂಡಿದ್ದೆ.

ಹಳೇಮೇಷ್ಟ್ರು

ಮಾರ್ಕ್ಸ್ ಕೊಟ್ಟವರು ಉದಾರಿಗಳು. 1922ರ ಫೆಬ್ರವರಿ ಮೊದಲಲ್ಲಿ ಚೌರಿ ಚೌರಾದ ಪೊಲೀಸ್ ಠಾಣೆಗೆ ಬೆಂಕಿ ಬಿತ್ತು, ಒಳಗಿದ್ದ ಪೊಲೀಸರು ಸತ್ತರು. ಫೆಬ್ರವರಿ 12ರಂದು ಬಾರ್ಡೋಲಿಯಲ್ಲಿ ಕಾಂಗ್ರೆಸ್ ಕಾರ್ಯಸಮಿತಿ ಚಳವಳಿ ನಿಲ್ಲಿಸಿತು. ಈ ಎರಡರ ನಡುವಿನ ಕಾರಣ ಗಟ್ಟಿ. ಬಾರ್ಡೋಲಿಯಲ್ಲಿ ಕಾನೂನು ಭಂಗ ಶುರು ಮಾಡುತ್ತೇನೆ ಎಂದು ಫೆಬ್ರವರಿ 1ರಂದೇ ಗಾಂಧೀಜಿ ವೈಸರಾಯ್‌ಗೆ ಬರೆದಿದ್ದರು. ಅಷ್ಟರಲ್ಲಿ ಇದಾಯಿತು. ಜನ ಅಹಿಂಸೆಗೆ ಇನ್ನೂ ಸಿದ್ಧರಿಲ್ಲ ಎಂದು ಅವರೇ ಹಿಂದೆ ಸರಿದರು.

ಬಂಧನ ಮಾರ್ಚ್ 10. ಆದರೆ ಆರೋಪ ಚೌರಿ ಚೌರಾದ್ದಲ್ಲ. "ಯಂಗ್ ಇಂಡಿಯಾ" ಪತ್ರಿಕೆಯಲ್ಲಿ ಬರೆದ ಮೂರು ಲೇಖನಗಳಿಗೆ ರಾಜದ್ರೋಹದ ಕೇಸು, ಮಾರ್ಚ್ 18ಕ್ಕೆ ಆರು ವರ್ಷ ಶಿಕ್ಷೆ. ಆ ಮೂರರಲ್ಲಿ ಎರಡು ಲೇಖನ 1921ರವು. ಚೌರಿ ಚೌರಾ ಆಗುವ ಮೊದಲೇ ಅಚ್ಚಾಗಿದ್ದವು. ಹಾಗಾದರೆ ಅದು ಬಂಧನಕ್ಕೆ ಕಾನೂನಿನ ಕಾರಣ ಹೇಗಾಗುತ್ತದೆ?

ಬಸು ಅವರ ಮಾತಿನಲ್ಲಿ ಒಂದು ತುಣುಕು ನಿಜ ಇದೆ. ಸರ್ಕಾರ ಅವರನ್ನು ಹಿಡಿಯಲು ಮೊದಲೇ ಯೋಚಿಸುತ್ತಿತ್ತು, ಗಲಭೆ ಏಳುತ್ತದೆಂದು ಹಿಂಜರಿಯುತ್ತಿತ್ತು. ಚಳವಳಿ ನಿಂತ ಮೇಲೆ ಆ ಭಯ ಕಡಿಮೆಯಾಯಿತು. ಆದ್ದರಿಂದ ಬಾಣ ಚೌರಿ ಚೌರಾದಿಂದ ಅಲ್ಲ, ಚಳವಳಿ ನಿಲ್ಲಿಸಿದ್ದರಿಂದ ಬಂಧನಕ್ಕೆ. "ಚಳವಳಿ ನಿಂತು ಜನ ಚದುರಿದ್ದರಿಂದ ಸರ್ಕಾರಕ್ಕೆ ಧೈರ್ಯ ಬಂತು, ಆರೋಪ: ರಾಜದ್ರೋಹದ ಲೇಖನಗಳು."

ಹತ್ತನೇಕ್ಲಾಸು

ಸರ್ ಚೌರಿ ಚೌರಾ ಫೆಬ್ರವರಿ 4 ಅಥವಾ 5? ನಮ್ಮ ಪುಸ್ತಕದಲ್ಲಿ ಒಂದು, ಗೈಡಿನಲ್ಲಿ ಇನ್ನೊಂದು.

ಹಳೇಮೇಷ್ಟ್ರು

ಈಗ ಹೆಚ್ಚಾಗಿ 4 ಅಂತ ಬರೆಯುತ್ತಾರೆ, ಹಳೆಯ ಪುಸ್ತಕಗಳಲ್ಲಿ 5 ಇದೆ. ಈ ಪ್ರಶ್ನೆಯಲ್ಲಿ ಎರಡರಲ್ಲಿ ಯಾವುದಾದರೂ 12ಕ್ಕಿಂತ ಮೊದಲೇ, ಕ್ರಮ ಬದಲಾಗಲ್ಲ. ನಿಮ್ಮ ಪುಸ್ತಕದ್ದು ಬರೆಯಿರಿ.

ವಾಣಿ

ಮಗಳು ಮತ್ತೆ ಕೂತು ಬರೆದಳು. ಕಾಯ್ದೆಯಿಂದ ಬಾಗ್‌ಗೆ "ಸತ್ಯಪಾಲ್-ಕಿಚಲೂ ಬಂಧನ, ಗಲಭೆ, ಸಭೆ ನಿಷೇಧ." ಅಲ್ಲಿಂದ 1919ರ ಕಾಯ್ದೆಗೆ "ನೇರ ಕಾರಣವಿಲ್ಲ, 1917ರ ಘೋಷಣೆ." ಆ ಕಾಯ್ದೆಯಿಂದ ಅಸಹಕಾರಕ್ಕೆ "ಸುಧಾರಣೆ ಬಂದರೂ ಡಯರ್‌ಗೆ ಶಿಕ್ಷೆಯಿಲ್ಲ, ತುರ್ಕಿ ಷರತ್ತು." ಅಸಹಕಾರದಿಂದ ಸೆವ್ರೆ ಸಹಿಗೆ ಬಂದಾಗ ಸಿಕ್ಕಿಹಾಕಿಕೊಂಡಿದ್ದಾಳೆ. ಇಲ್ಲಿ ಅಸಹಕಾರದಿಂದ ಒಪ್ಪಂದ ಆಗಲಿಲ್ಲವಲ್ಲ, ಬಾಣ ತಿರುಗಿಸಬಹುದಾ ಅಂತ ಕೇಳುತ್ತಿದ್ದಾಳೆ.

ನಾಗವೇಣಿ

ತಿರುಗಿಸಬೇಡ ಅನ್ನಿ, ಕ್ರಮ ಕೆಡುತ್ತದೆ. ಬಾಣದ ಮೇಲೆ "ಷರತ್ತು ಮೇ ತಿಂಗಳಲ್ಲೇ ತಿಳಿದಿತ್ತು, ವಿರೋಧ ಇದ್ದರೂ ಸಹಿ ಆಯಿತು" ಎಂದು ಬರೆಯಲಿ. ಅಲ್ಲಿಂದ ಚೌರಿ ಚೌರಾಕ್ಕೆ ಹೋಗುವ ಬಾಣವನ್ನು ಸೆವ್ರೆಯಿಂದ ಎಳೆಯದೆ ಅಸಹಕಾರದ ಪೆಟ್ಟಿಗೆಯಿಂದ ಬಗ್ಗಿಸಿ ಎಳೆದರೆ ಇನ್ನೂ ಒಳ್ಳೆಯದು. ಪೆನ್ಸಿಲ್‌ನಲ್ಲಿ ಎಳೆಯಲಿ, ಟೀಚರ್ ಬೇಡ ಅಂದರೆ ಅಳಿಸಬಹುದು.